ಕಣ್ಣು ಹಳದಿ, ಮೂತ್ರ ತಿಳಿ

ತೊಗರಿ ರಾಶಿ ಮುಗಿದ ಹೊತ್ತು. ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಸುಮಾರು 50 ವರ್ಷದ ರೈತರೊಬ್ಬರನ್ನು ಅವರ ಭಾವಮೈದ ಸಂಜೆ ಏಳರ ಹೊತ್ತಿಗೆ ಕಲಬುರಗಿಯ ನನ್ನ ಕ್ಲಿನಿಕ್‌ಗೆ ಕರೆದುಕೊಂಡು ಬಂದರು. "ಸಾಹೇಬ್ರೆ, ಇವ್ರಿಗೆ ಕಾಮಣಿ ಆಗ್ಯಾದ್ರಿ. ಇಪ್ಪತ್ತು ದಿನ ಆತು, ಔಷಧ ಕೊಡಿಸೀವಿ, ಇಳೀವಲ್ದು" ಅಂದರು. ಅಷ್ಟೂ ದಿನ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಆಮೇಲೆ ಬರೀ ಅಕ್ಕಿ ಗಂಜಿ. ರೊಟ್ಟಿ ಇಲ್ಲ, ಎಣ್ಣೆ ಇಲ್ಲ. ರೋಗಿ ಕುರ್ಚಿಯಲ್ಲಿ ಕುಳಿತೇ ಏದುಸಿರು ಬಿಡುತ್ತಿದ್ದರು.

ನಾನು ಅವರ ಕಣ್ಣು ನೋಡಿದೆ. ಹಳದಿ ಇದೆಯೋ ಇಲ್ಲವೋ ಹೇಳಲು ಆಗಲಿಲ್ಲ. ರಾತ್ರಿ ಬೆಳಕಿನಲ್ಲಿ ಯಾರಿಗೂ ಆಗುವುದಿಲ್ಲ. ಹಳದಿ ಬಲ್ಬಿನ ಕೆಳಗೆ ಎಲ್ಲವೂ ಹಳದಿಯೇ ಕಾಣುವುದರಿಂದ ತೆಳು ಹಳದಿ ಅದರಲ್ಲಿ ಮರೆಯಾಗಿಬಿಡುತ್ತದೆ. ರಕ್ತ ಪರೀಕ್ಷೆಗೆ ಬರೆದುಕೊಟ್ಟೆ, ಮರುದಿನ ಬೆಳಿಗ್ಗೆ ಬರಲು ಹೇಳಿದೆ. ಬರುವಾಗ ತೊಳೆದ ಪಾರದರ್ಶಕ ಬಾಟಲಿಯಲ್ಲಿ ಮೂತ್ರ ತರಲೂ ಹೇಳಿದೆ.

ಕಣ್ಣು ನೋಡುವ ಕೆಲಸ ಹಗಲಿನದು. ರೋಗಿಯನ್ನು ಕಿಟಕಿಗೆ ಎದುರಾಗಿ ಕೂರಿಸಬೇಕು. ಮನೆಯಲ್ಲಾದರೆ ಪಡಸಾಲೆಯ ನೆರಳು ಸಾಕು. ನೇರ ಬಿಸಿಲು ಬೇಡ, ಕಣ್ಣು ಕಿರಿದಾಗುತ್ತದೆ. ಬಣ್ಣದ ಶಾಮಿಯಾನದ ಕೆಳಗೂ ಬೇಡ, ಆ ಬಣ್ಣವೇ ಕಣ್ಣಿನ ಮೇಲೆ ಬೀಳುತ್ತದೆ. ಈಗ ಕೆಳಗೆ ನೋಡಲು ಹೇಳಿ, ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿ. ಯಾವಾಗಲೂ ರೆಪ್ಪೆಯ ಮರೆಯಲ್ಲಿರುವ ಬಿಳಿಭಾಗ ಅಲ್ಲಿ ಕಾಣುತ್ತದೆ. ನೋಡಬೇಕಾದ ಜಾಗ ಅದೇ.

ಏಕೆ ಅಂದರೆ, ವರ್ಷಗಟ್ಟಲೆ ಹೊಲದಲ್ಲಿ ಬಿಸಿಲು, ಧೂಳು ಕುಡಿದ ಕಣ್ಣು ನಡುವಿನ ಪಟ್ಟಿಯಲ್ಲಿ ಮಾಸಲು ಕಂದು ಆಗಿರುತ್ತದೆ. ಕೆಲವರಿಗೆ ಮೂಗಿನ ಕಡೆ ಹಳದಿ ಗುಳ್ಳೆಯಂತಹ ಮಚ್ಚೆಯೂ ಇರುತ್ತದೆ. ಇವೆರಡೂ ಕಾಮಾಲೆ ಅಲ್ಲ. ಕಾಮಾಲೆಯ ಹಳದಿ ರೆಪ್ಪೆಯ ಮರೆಯಲ್ಲೂ ಒಂದೇ ಸಮನಾಗಿ ಹರಡಿರುತ್ತದೆ, ಎರಡೂ ಕಣ್ಣಿನಲ್ಲಿ ಇರುತ್ತದೆ. ಅನುಮಾನ ಬಂದರೆ ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು ನೋಡಿ, ಇಲ್ಲವೇ ಮನೆಯ ಇನ್ನೊಬ್ಬರನ್ನು ಪಕ್ಕದಲ್ಲೇ ಕೂರಿಸಿ ಹೋಲಿಸಿ. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವವರು ಈಗ ಜಾಸ್ತಿ. ಆದರೆ ಕ್ಯಾಮೆರಾ ತಾನೇ ಬಣ್ಣ ಸರಿಪಡಿಸಿಕೊಳ್ಳುತ್ತದೆ, ಹಾಗಾಗಿ ಅದನ್ನು ನಾನು ನಂಬುವುದಿಲ್ಲ.

ಇಷ್ಟು ಸರಿಯಾಗಿ ನೋಡಿದರೂ ಒಂದು ಮಿತಿ ಇದೆ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಸಾಮಾನ್ಯವಾಗಿ 100 ಮಿಲಿಲೀಟರಿಗೆ ಸುಮಾರು 1 ಮಿಲಿಗ್ರಾಂ ಒಳಗಿರುತ್ತದೆ. ಅದು ಎರಡೂವರೆ, ಮೂರು ದಾಟುವವರೆಗೆ ಕಣ್ಣಿಗೆ ಕಾಣುವುದು ಕಷ್ಟ. ಕಣ್ಣು ಬಿಳಿ ಇದೆ ಅಂದ ಮಾತ್ರಕ್ಕೆ ಲಿವರ್ ಚೆನ್ನಾಗಿದೆ ಎನ್ನಲು ಬರುವುದಿಲ್ಲ.

ಬೆಳಿಗ್ಗೆ ಕಿಟಕಿಯ ಬಳಿ ನೋಡಿದಾಗ ನಮ್ಮ ರೈತರ ಕಣ್ಣು ನಿಜಕ್ಕೂ ಹಳದಿಯಾಗಿತ್ತು. ಆದರೆ ಅರಿಶಿನದ ಗಾಢ ಹಳದಿ ಅಲ್ಲ, ನಿಂಬೆಹಣ್ಣಿನ ತೆಳು ಹಳದಿ. ಕೆಳರೆಪ್ಪೆ ಎಳೆದರೆ ಒಳಗೆ ಕೆಂಪೇ ಇಲ್ಲ, ಪೂರಾ ಬಿಳಿಚಿಕೊಂಡಿತ್ತು. ಹಳದಿ ಮತ್ತು ಬಿಳಿಚು ಹೀಗೆ ಜೊತೆಯಾಗಿ ಬಂದರೆ ನನ್ನ ಗಮನ ಲಿವರ್‌ಗಿಂತ ಮೊದಲು ರಕ್ತದ ಕಡೆ ಹೋಗುತ್ತದೆ.

ಆಮೇಲೆ ಬಾಟಲಿ. ಮೂತ್ರ ತಿಳಿಯಾಗಿತ್ತು. ಮುಚ್ಚಳ ಹಾಕಿ ಕುಲುಕಿದೆ, ಮೇಲೆ ಬಂದ ನೊರೆ ಬೆಳ್ಳಗಿತ್ತು. ಈ ಸಣ್ಣ ಪರೀಕ್ಷೆಯ ಹಿಂದೆ ಒಂದು ಕಾರಣವಿದೆ. ಹಳೆಯ ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಹುಟ್ಟುತ್ತದೆ. ಆಗ ಅದು ನೀರಿನಲ್ಲಿ ಕರಗುವುದಿಲ್ಲ, ರಕ್ತದ ಪ್ರೋಟೀನಿಗೆ ಅಂಟಿಕೊಂಡೇ ಓಡಾಡುತ್ತದೆ, ಮೂತ್ರಕ್ಕೆ ಇಳಿಯುವುದಿಲ್ಲ. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಲಿವರ್ ಊದಿಕೊಂಡರೆ ಅಥವಾ ಪಿತ್ತದ ನಾಳ ಕಟ್ಟಿಕೊಂಡರೆ ಈ ಕರಗಿದ ಬಿಲಿರುಬಿನ್ ವಾಪಸ್ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗುತ್ತದೆ. ಆಗ ಮೂತ್ರ ಕಡುಚಹಾದಂತೆ, ನೊರೆಯೂ ಹಳದಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ನೀರು ಕಡಿಮೆ ಕುಡಿದವರ ಮೂತ್ರವೂ ಕಡುಬಣ್ಣವಾಗುತ್ತದೆ ಅಲ್ವಾ, ಆದರೆ ಅದರ ನೊರೆ ಬಿಳಿಯೇ ಇರುತ್ತದೆ, ನೀರು ಕುಡಿದರೆ ತಿಳಿಯಾಗುತ್ತದೆ. ಟಿಬಿ ಮಾತ್ರೆ ನುಂಗುವವರ ಮೂತ್ರ ಕಿತ್ತಳೆ ಬಣ್ಣವಾಗುವುದು ರಿಫಾಂಪಿಸಿನ್‌ನಿಂದ. ಅದಕ್ಕೆ ಹೆದರಬೇಕಿಲ್ಲ. ಆದರೆ ಅದೇ ಮಾತ್ರೆ ನುಂಗುವಾಗ ಕಣ್ಣೂ ಹಳದಿಯಾದರೆ ಲಿವರ್‌ಗೆ ಪೆಟ್ಟು ಬಿದ್ದಿರಬಹುದು, ಅವತ್ತೇ ಡಾಕ್ಟರನ್ನು ಕಾಣಬೇಕು.

ಮೂತ್ರ ಕಡುಬಣ್ಣವಾಗಿದ್ದರೆ ದಾರಿ ಬೇರೆ. ವಾಂತಿ, ಊಟ ಸೇರದಿರುವುದು, ಜ್ವರ ಮೊದಲು ಬಂದು ಆಮೇಲೆ ಹಳದಿ ಕಂಡರೆ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ ಇರಬಹುದು. ಗರ್ಭಿಣಿಗೆ ಹೆಪಟೈಟಿಸ್ ಇ ಬಹಳ ಅಪಾಯ. ಮಲ ಸುಣ್ಣದಂತೆ ಬಿಳಿಚಿ, ಮೈ ತುರಿಸಿದರೆ ನಾಳದಲ್ಲಿ ಕಲ್ಲು ಅಥವಾ ಗಡ್ಡೆ ಇದೆಯೇ ಅಂತ ಸ್ಕ್ಯಾನ್ ಮಾಡಿಸಬೇಕು. ಇದರಲ್ಲಿ ಮನೆಯಲ್ಲಿ ಕಾಯಬಾರದ್ದು ಎರಡು. ಒಂದು, ಚಳಿಜ್ವರ, ಬಲಪಕ್ಕೆಯ ಕೆಳಗೆ ನೋವು ಮತ್ತು ಹಳದಿ ಮೂರೂ ಕೂಡಿ ಬರುವುದು. ಇನ್ನೊಂದು, ರೋಗಿ ಹಗಲು ನಿದ್ದೆ ಮಾಡಿ ರಾತ್ರಿ ಎಚ್ಚರವಿದ್ದು ತೊದಲು ಮಾತಾಡುವುದು. ಹೀಗಾದರೆ ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ರೈತರ ರಿಪೋರ್ಟ್ ಬಂತು. ಬಿಲಿರುಬಿನ್ 3.1, ಅದರಲ್ಲಿ ಲಿವರ್ ಸಂಸ್ಕರಿಸಿದ ಪಾಲು ಬರೀ 0.5. ಲಿವರ್‌ನ ಎಸ್‌ಜಿಪಿಟಿ 28, ಅಂದರೆ ಸರಿಯಾಗಿದೆ. ಹಿಮೋಗ್ಲೋಬಿನ್ 6.4. ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 121, ಸಾಮಾನ್ಯವಾಗಿ 100ರ ಒಳಗಿರಬೇಕು. ನಾಲಿಗೆ ತೋರಿಸಿ ಅಂದೆ. ನುಣ್ಣಗೆ, ಕೆಂಪಗೆ, ಎಣ್ಣೆ ಹಚ್ಚಿದಂತಿತ್ತು. ಕಾಲಿಗೆ ಏನಾದರೂ ಆಗುತ್ತಾ ಅಂತ ಕೇಳಿದೆ. "ಅಂಗಾಲು ಜುಮ್ ಅಂತಾವ್ರಿ, ಚಪ್ಪಲಿ ಜಾರಿದ್ದೂ ಗೊತ್ತಾಗಂಗಿಲ್ಲ" ಅಂದರು. ಮಾಂಸ, ಮೊಟ್ಟೆ ಮುಟ್ಟದ ಮನೆ. ಎಮ್ಮೆ ಮಾರಿ ನಾಲ್ಕೈದು ವರ್ಷವಾಗಿತ್ತು, ಹಾಲು ಚಹಾಕ್ಕೆ ಮಾತ್ರ. ವಿಟಮಿನ್ ಬಿ12 ಮಾಡಿಸಿದೆ, 88 ಬಂತು. 200ರ ಕೆಳಗೆ ಬಂದರೆ ಕೊರತೆ.

ಬಿ12 ಇಲ್ಲದಿದ್ದರೆ ಮೂಳೆಯ ಮಜ್ಜೆಯಲ್ಲಿ ಕೆಂಪು ಕಣಗಳು ದೊಡ್ಡದಾಗಿ ಬೆಳೆದು, ಹೊರಗೆ ಬರುವ ಮೊದಲೇ ಅಲ್ಲೇ ಒಡೆದುಹೋಗುತ್ತವೆ. ಒಡೆದ ಕಣದಿಂದ ಹಳದಿ, ಕಣ ಸಾಲದೆ ಬಿಳಿಚು. ಲಿವರ್‌ನ ತಪ್ಪು ಇದರಲ್ಲಿ ಏನೂ ಇಲ್ಲ. ಕಾಮಾಲೆಯ ಪಥ್ಯ ಮಾತ್ರ ಅವರಿಗೆ ಕೆಟ್ಟದ್ದು ಮಾಡಿತ್ತು. ಮೊದಲೇ ಸಾಲದ ಊಟವನ್ನು ಇನ್ನಷ್ಟು ಕಿತ್ತುಕೊಂಡಿತ್ತು. ಬರೀ ಫೋಲಿಕ್ ಆಸಿಡ್ ಮಾತ್ರೆ ಕೊಟ್ಟಿದ್ದರೂ ತಪ್ಪಾಗುತ್ತಿತ್ತು: ರಕ್ತ ಏರುತ್ತದೆ, ಆದರೆ ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಭಾವಮೈದ ರಕ್ತ ಏರಿಸಿ ಅಂತ ಕೇಳಿದರು. ಎದೆನೋವಿಲ್ಲ, ನಾಡಿ ಬಿಪಿ ಸರಿ ಇದೆ, ಹಾಗಾಗಿ ಬೇಡ ಅಂದೆ. 1000 ಮೈಕ್ರೋಗ್ರಾಂ ಬಿ12 ಇಂಜೆಕ್ಷನ್ ಒಂದು ವಾರ ದಿನಾ, ನಂತರ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಪಥ್ಯ ಬಿಟ್ಟು ರೊಟ್ಟಿ, ಬೇಳೆ, ಮೊಸರು ಶುರು ಮಾಡಿಸಿದೆ. ಹನ್ನೆರಡನೇ ದಿನ ಅದೇ ಕಿಟಕಿಯ ಬಳಿ ರೆಪ್ಪೆ ಎತ್ತಿ ನೋಡಿದಾಗ ಬಿಳಿ ಬಿಳಿಯಾಗಿಯೇ ಇತ್ತು. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 12 ಮುಟ್ಟಿತು. ಅಂಗಾಲಿನ ಜುಮ್ಮು ಕಡಿಮೆಯಾಗಲು ಆರು ತಿಂಗಳು ಬೇಕಾಯಿತು, ಪೂರ್ತಿ ಹೋಗಿಲ್ಲ.

ಒಂದೇ ಒಲೆಯ ಊಟ ಉಣ್ಣುವವರು ಅಂತ ಅವರ ಹೆಂಡತಿಗೂ ಪರೀಕ್ಷೆ ಮಾಡಿಸಿದೆ. ಅವರ ಕಣ್ಣು ಬಿಳಿಯೇ ಇತ್ತು. ಬಿ12 ಮಾತ್ರ 140.