‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇಮೇಲ್

ದೊಡ್ಡ ಕಂಪನಿಯೊಂದಕ್ಕೆ ಹೊಸದಾಗಿ ಮಾಲು ಒದಗಿಸಲು ಒಪ್ಪಿಕೊಂಡವರಿಗೆ ಮೊದಲ ಬಿಲ್ಲಿಗೂ ಮುಂಚೆ ಅಲ್ಲಿನ ಅಕೌಂಟ್ಸ್ ವಿಭಾಗದಿಂದ ಒಂದು ಇಮೇಲ್ ಬರುತ್ತದೆ. ಪ್ಯಾನ್, ಜಿಎಸ್‌ಟಿ ನೋಂದಣಿ, ಉದ್ಯಮ್ ಪ್ರಮಾಣಪತ್ರ, ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಕ್ಯಾನ್ಸಲ್ ಮಾಡಿದ ಒಂದು ಚೆಕ್ ಕಳಿಸಿ ಎಂದು ಅದರಲ್ಲಿ ಕೇಳಿರುತ್ತಾರೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆಯೂ ಇರುತ್ತದೆ: ಖಾತೆ ಬದಲಾವಣೆಯನ್ನು ಇಮೇಲ್ ಒಂದರ ಆಧಾರದ ಮೇಲೆ ನಾವು ಒಪ್ಪುವುದಿಲ್ಲ. ಹೆಚ್ಚಿನವರು ಮೇಲಿನ ಪಟ್ಟಿಯನ್ನಷ್ಟೇ ನೋಡಿ ಕಾಗದ ಹೊಂದಿಸಲು ಹೊರಡುತ್ತಾರೆ. ನನ್ನ ಪ್ರಕಾರ ಆ ಇಡೀ ಪತ್ರದಲ್ಲಿ ಅತಿ ಬೆಲೆಯುಳ್ಳದ್ದು ಆ ಕೊನೆಯ ಸಾಲು. ಅದು ಏಕೆ ಬೇಕಾಯಿತು ಎಂಬುದು ತಿಳಿಯಬೇಕಾದರೆ, ಬ್ಯಾಂಕಿನ ಗಣಕ ಏನನ್ನು ಓದುತ್ತದೆ, ಇಮೇಲ್ ಏನನ್ನು ಸಾಬೀತು ಮಾಡಬಲ್ಲದು ಎಂಬೆರಡನ್ನೂ ನೋಡಬೇಕು.

ಮೊದಲು ಬ್ಯಾಂಕಿನ ಕಡೆ. ಎನ್‌ಇಎಫ್‌ಟಿ ಅಥವಾ ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವಾಗ ನಾವು ಮೂರು ಸಂಗತಿ ತುಂಬುತ್ತೇವೆ: ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ. ಹನ್ನೊಂದು ಅಕ್ಷರಗಳ ಐಎಫ್‌ಎಸ್‌ಸಿಯಲ್ಲಿ ಮೊದಲ ನಾಲ್ಕು ಬ್ಯಾಂಕನ್ನು ಹೇಳುತ್ತವೆ, ಐದನೆಯದು ಸೊನ್ನೆ, ಉಳಿದ ಆರು ಶಾಖೆಯನ್ನು ಹೇಳುತ್ತವೆ. ಖಾತೆ ಸಂಖ್ಯೆ ಆ ಬ್ಯಾಂಕಿನೊಳಗಿನ ಖಾತೆಯನ್ನು ತೋರಿಸುತ್ತದೆ. ಹೆಸರು? ಹಣ ಜಮಾ ಮಾಡುವಾಗ ಅದನ್ನು ತಾಳೆ ನೋಡುವ ಕಟ್ಟುಪಾಡು ಇರಲಿಲ್ಲ. ಖಾತೆ ಸಂಖ್ಯೆಯೊಂದನ್ನೇ ಆಧಾರವಾಗಿಟ್ಟುಕೊಂಡು ಜಮಾ ಮಾಡಬಹುದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತ್ತು. ಅದಕ್ಕೆ ಕಾರಣವೂ ಇತ್ತು. ಒಬ್ಬರದೇ ಹೆಸರು ಒಂದು ಕಡೆ ಇನಿಷಿಯಲ್ ಮುಂದಾಗಿ, ಇನ್ನೊಂದು ಕಡೆ ಹಿಂದಾಗಿ, ಮತ್ತೊಂದು ಕಡೆ ಬೇರೆ ಕಾಗುಣಿತದಲ್ಲಿ ಇರುವ ದೇಶ ನಮ್ಮದು. ಪ್ರತಿ ಅಕ್ಷರವೂ ಕೂಡಲೇಬೇಕೆಂದರೆ ಲಕ್ಷಾಂತರ ಪಾವತಿಗಳು ದಿನವೂ ವಾಪಸು ಬರುತ್ತವೆ. ಹೀಗಾಗಿ ನೀವು ‘ಮಂಜುನಾಥ ಎಂಜಿನಿಯರಿಂಗ್’ ಎಂದು ಬರೆದು ಯಾರದೋ ಖಾತೆ ಸಂಖ್ಯೆ ಹಾಕಿದರೆ, ಹಣ ಆ ಯಾರದೋ ಖಾತೆಗೇ ಹೋಗುತ್ತಿತ್ತು.

ಇನ್ನು ಇಮೇಲ್. ಅಂಚೆ ಲಕೋಟೆಯ ಹಿಂಬದಿ ‘ಇಂದ’ ಎಂದು ಯಾರು ಯಾರ ವಿಳಾಸವನ್ನಾದರೂ ಬರೆಯಬಹುದಲ್ಲ, ಇಮೇಲ್ ಸಾಗಿಸುವ ಮೂಲ ವ್ಯವಸ್ಥೆಯೂ ಹಾಗೆಯೇ ಹುಟ್ಟಿಕೊಂಡಿತು. ಅದರ ನಿಯಮಗಳನ್ನು 1982ರಲ್ಲಿ ಬರೆದಾಗ ಅಂತರಜಾಲದಲ್ಲಿ ಇದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ ಮತ್ತು ಸಂಶೋಧನಾಲಯಗಳವರು. ಕಳಿಸಿದವರು ನಿಜವಾಗಿ ಅವರೇನಾ ಎಂದು ಕೇಳುವ ಏರ್ಪಾಡು ಆ ನಿಯಮಗಳಲ್ಲಿ ಇರಲಿಲ್ಲ. ಆಮೇಲೆ SPF, DKIM, DMARC ಎಂಬ ಮೂರು ಕಾವಲುಗಳು ಬಂದವು. ಮೊದಲನೆಯದು, ವಿಳಾಸದಲ್ಲಿ @ ಗುರುತಿನ ನಂತರ ಬರುವ ಡೊಮೇನ್ ಪರವಾಗಿ ಪತ್ರ ಕಳಿಸಲು ಈ ಸರ್ವರ್‌ಗೆ ಅನುಮತಿ ಇದೆಯೇ ಎಂದು ನೋಡುತ್ತದೆ. ಎರಡನೆಯದು ಪತ್ರದ ಮೇಲಿನ ಗೂಢಲಿಪಿ ಸಹಿಯನ್ನು ಪರೀಕ್ಷಿಸುತ್ತದೆ. ಮೂರನೆಯದು ನಮ್ಮ ಕಣ್ಣಿಗೆ ಕಾಣುವ From ಸಾಲಿನ ಡೊಮೇನ್ ಇವೆರಡರಲ್ಲಿ ಒಂದಕ್ಕಾದರೂ ಹೊಂದುತ್ತದೆಯೇ ಎಂದು ಕೇಳುತ್ತದೆ. ಇವೆಲ್ಲ ಒಳ್ಳೆಯ ಕಾವಲುಗಳೇ. ಆದರೆ ಕಳ್ಳ ಬೇರೊಂದು ಡೊಮೇನನ್ನು ತಾನೇ ದುಡ್ಡು ಕೊಟ್ಟು ಕೊಂಡಿದ್ದರೆ, ಅವನ ಪತ್ರ ಮೂರೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಏಕೆಂದರೆ ಆ ಡೊಮೇನ್ ನಿಜವಾಗಿಯೂ ಅವನದೇ.

```
From: Accounts <accounts@example.com>
From: Accounts <accounts@exarnple.com>
```

ಎರಡನೆಯ ಸಾಲಿನಲ್ಲಿ m ಇರಬೇಕಾದ ಕಡೆ r ಮತ್ತು n ಪಕ್ಕಪಕ್ಕ ಕೂತಿವೆ. ಮೊಬೈಲ್ ಪರದೆಯ ಮೇಲೆ, ಸಂಜೆ ಆರು ಗಂಟೆಗೆ, ಇನ್ನೂ ನಲವತ್ತು ಬಿಲ್ ಬಾಕಿ ಇರುವವರ ಕಣ್ಣಿಗೆ ಅದು ಬೀಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅನೇಕ ಮೊಬೈಲ್ ಆ್ಯಪ್‌ಗಳು ‘Accounts’ ಎಂಬ ಹೆಸರನ್ನಷ್ಟೇ ತೋರಿಸಿ ವಿಳಾಸವನ್ನು ಮುಚ್ಚಿಡುತ್ತವೆ. 2015ರಲ್ಲಿ ಒಎನ್‌ಜಿಸಿ ಹೆಸರಿನಲ್ಲಿ ಸೌದಿ ಅರಾಮ್ಕೊಗೆ ಹೋದ ನಕಲಿ ಪತ್ರಗಳಲ್ಲಿ ongc ಎಂಬುದು ognc ಆಗಿತ್ತೆಂದೂ, ಸುಮಾರು ₹197 ಕೋಟಿ ಬೇರೆ ಖಾತೆಗೆ ಹೋಯಿತೆಂದೂ ಆಗ ವರದಿಯಾಗಿತ್ತು.

ಕೆಲಸ ಹೇಗೆ ನಡೆಯುತ್ತದೆಂದು ಒಂದು ಕಲ್ಪಿತ ಉದಾಹರಣೆಯಲ್ಲಿ ಹಂತಹಂತವಾಗಿ ನೋಡೋಣ. ಪೀಣ್ಯದಲ್ಲಿ ಲೇತ್, ಮಿಲ್ಲಿಂಗ್ ಯಂತ್ರಗಳಿರುವ ಒಂದು ಸಣ್ಣ ವರ್ಕ್‌ಶಾಪ್. ಅವರು ಒಂದು ಪಂಪ್ ಕಂಪನಿಗೆ ಶಾಫ್ಟ್ ಮಾಡಿಕೊಡುತ್ತಾರೆ. ವರ್ಕ್‌ಶಾಪಿನ ಇಮೇಲ್ ಪಾಸ್‌ವರ್ಡ್ ಯಾವುದೋ ನಕಲಿ ಲಾಗಿನ್ ಪುಟದಲ್ಲಿ ಕಳ್ಳನ ಕೈಗೆ ಸಿಕ್ಕಿದೆ. ಅವನು ಕೂಡಲೇ ಏನೂ ಮಾಡುವುದಿಲ್ಲ. ‘invoice’, ‘payment’ ಎಂಬ ಪದ ಇರುವ ಪತ್ರಗಳೆಲ್ಲ ತನಗೊಂದು ಪ್ರತಿ ಬರುವಂತೆ ಮೇಲ್‌ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಒಂದು ನಿಯಮ ಹಾಕಿ ಸುಮ್ಮನಿರುತ್ತಾನೆ. ವಾರಗಟ್ಟಲೆ ಓದುತ್ತಾನೆ. ಯಾರು ಯಾರನ್ನು ‘ಸರ್’ ಅನ್ನುತ್ತಾರೆ, ಯಾರು ‘ಮೇಡಂ’ ಅನ್ನುತ್ತಾರೆ, ಬಿಲ್ ಯಾವ ದಿನ ಹೋಗುತ್ತದೆ, ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ.

₹18,40,000ರ ಬಿಲ್ ಹೋದ ಮೂರನೆಯ ದಿನ, ಹೋಲಿಕೆಯ ಡೊಮೇನಿನಿಂದ ಪಂಪ್ ಕಂಪನಿಗೆ ಒಂದು ಪತ್ರ ಬರುತ್ತದೆ. ಕೆಳಗೆ ಹಿಂದಿನ ಪತ್ರವ್ಯವಹಾರವೆಲ್ಲ ಹಾಗೇ ಇದೆ, ಬಿಲ್ ನಂಬರು ಸರಿಯಿದೆ, ಮೊತ್ತ ಸರಿಯಿದೆ. ‘ಮೇಡಂ, ನಮ್ಮ ಈಗಿನ ಖಾತೆ ಆಡಿಟ್‌ನಲ್ಲಿದೆ, ದಯವಿಟ್ಟು ಈ ಬಾರಿ ಹೊಸ ಖಾತೆಗೆ ಹಾಕಿ. ಕ್ಯಾನ್ಸಲ್ಡ್ ಚೆಕ್ ಲಗತ್ತಿಸಿದೆ.’ ಅಕೌಂಟ್ಸ್‌ನವರು ಎಚ್ಚರದಿಂದಲೇ ಪತ್ರದ ಕೆಳಗಿದ್ದ ಮೊಬೈಲಿಗೆ ಫೋನ್ ಮಾಡುತ್ತಾರೆ. ಅತ್ತ ಕಡೆಯವನು ವಿನಯವಾಗಿ ‘ಹೌದು ಮೇಡಂ’ ಅನ್ನುತ್ತಾನೆ. ಸಹಿಯ ಜೊತೆಗಿದ್ದ ಆ ನಂಬರನ್ನೂ ಕಳ್ಳ ಬದಲಿಸಿದ್ದ.

ಇಲ್ಲಿಯೇ ವಿಷಯದ ತಿರುಳು ಇರುವುದು. ಅನುಮಾನ ಬಂದ ಪತ್ರದೊಳಗಿನ ನಂಬರಿಗೆ ಫೋನ್ ಮಾಡಿದರೆ ಅದು ಪರೀಕ್ಷೆಯೇ ಅಲ್ಲ, ಏಕೆಂದರೆ ಪತ್ರವೂ ನಂಬರೂ ಒಂದೇ ಕೈಯಿಂದ ಬಂದವು. ಪರೀಕ್ಷೆ ನಡೆಯಬೇಕಾದದ್ದು ಕಳ್ಳನ ಕೈ ಮುಟ್ಟದ ಇನ್ನೊಂದು ದಾರಿಯಲ್ಲಿ, ಆ ದಾರಿಯನ್ನು ಮೊದಲೇ ಹಾಕಿಟ್ಟುಕೊಂಡಿರಬೇಕು. ಮೊದಲ ದಿನದ ಇಮೇಲ್ ಮಾಡುವ ಕೆಲಸ ಅದೇ. ಖಾತೆ ಸಂಖ್ಯೆಯ ಜೊತೆಗೆ, ಖಾತೆ ಬದಲಾವಣೆಯನ್ನು ಖಚಿತಪಡಿಸಬಲ್ಲ ಇಬ್ಬರ ಹೆಸರು, ಮೊಬೈಲ್ ಮತ್ತು ಸ್ಥಿರ ದೂರವಾಣಿಯನ್ನು ಅದು ಕೇಳಬೇಕು. ಆ ನಂಬರುಗಳು ಸರಬರಾಜುದಾರರ ವಿವರಗಳಿರುವ ವೆಂಡರ್ ಮಾಸ್ಟರ್‌ನಲ್ಲಿ ದಾಖಲಾಗಬೇಕು, ಅವನ್ನು ಬದಲಿಸಲೂ ಖಾತೆ ಬದಲಿಸುವಷ್ಟೇ ಕಟ್ಟುನಿಟ್ಟು ಇರಬೇಕು. ಅನೇಕ ಕಡೆ ಎಡವುವುದು ಇಲ್ಲೇ. ಖಾತೆಗೆ ಇಬ್ಬರ ಅನುಮೋದನೆ ಕೇಳುತ್ತಾರೆ, ಫೋನ್ ನಂಬರನ್ನು ಮಾತ್ರ ಯಾರು ಬೇಕಾದರೂ ತಿದ್ದಬಹುದು. ಕಳ್ಳ ಮೊದಲ ವಾರ ನಂಬರು ಬದಲಿಸುತ್ತಾನೆ, ಮುಂದಿನ ವಾರ ಖಾತೆ.

ನಾನು ಬರೆಯುವುದಾದರೆ ಆ ಎಚ್ಚರಿಕೆಯನ್ನು ಸಣ್ಣ ಅಕ್ಷರದಲ್ಲಿ ಬಿಡದೆ ಪತ್ರದ ಮೊದಲಿಗೇ ಹೀಗೆ ಹಾಕುತ್ತೇನೆ: ‘ನಿಮ್ಮ ಖಾತೆ ಬದಲಾದರೆ, ಈ ಫಾರಂನಲ್ಲಿ ನೀವು ಕೊಟ್ಟಿರುವ ಇಬ್ಬರಲ್ಲಿ ಒಬ್ಬರಿಗೆ ನಾವೇ ಫೋನ್ ಮಾಡಿ ಕೇಳುತ್ತೇವೆ. ಅವರು ಖಚಿತಪಡಿಸುವವರೆಗೆ ಹೊಸ ಖಾತೆಗೆ ಹಣ ಹೋಗುವುದಿಲ್ಲ, ಎಷ್ಟೇ ತುರ್ತಿದ್ದರೂ. ಒಟಿಪಿ, ಪಿನ್, ಪಾಸ್‌ವರ್ಡ್‌ಗಳನ್ನು ನಾವು ಎಂದೂ ಕೇಳುವುದಿಲ್ಲ. ಈ ಪತ್ರ ನಮ್ಮದೇ ಹೌದೋ ಎಂಬ ಅನುಮಾನವಿದ್ದರೆ, ಪರ್ಚೇಸ್ ಆರ್ಡರ್ ಮೇಲಿರುವ ನಂಬರಿಗೆ ಫೋನ್ ಮಾಡಿ.’ ಕೊನೆಯ ವಾಕ್ಯವನ್ನು ಬಿಡಬಾರದು. ವಿವರ ಕೇಳುವ ಈ ಪತ್ರವೇ ನಕಲಿಯಾಗಿರಬಹುದು, ಆಗ ಅಪಾಯಕ್ಕೆ ಸಿಕ್ಕುವವರು ಸರಬರಾಜುದಾರರು.

ಹೆಸರು ತಾಳೆ ನೋಡದ ಕೊರತೆ ಈಗ ಒಂದಿಷ್ಟು ತುಂಬಿದೆ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವ ಮುನ್ನ ಖಾತೆದಾರರ ಹೆಸರನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಡಿಸೆಂಬರಿನಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಒಂದು ರೂಪಾಯಿ ಹಾಕಿ ಹೆಸರು ತರಿಸಿಕೊಳ್ಳುವ ‘ಪೆನ್ನಿ ಡ್ರಾಪ್’ ಅದಕ್ಕೂ ಮೊದಲಿನಿಂದ ಇದೆ. ಹೊಸ ಖಾತೆ ಯಾವುದೋ ಅಪರಿಚಿತ ವ್ಯಕ್ತಿಯ ಉಳಿತಾಯ ಖಾತೆಯಾಗಿದ್ದರೆ ಇವು ಅಲ್ಲೇ ಹಿಡಿಯುತ್ತವೆ. ಐಎಫ್‌ಎಸ್‌ಸಿಯನ್ನು ಹುಡುಕಿ ನೋಡಿದಾಗ ಪೀಣ್ಯದ ವರ್ಕ್‌ಶಾಪಿಗೆ ಎರಡು ಸಾವಿರ ಕಿಲೋಮೀಟರ್ ದೂರದ ಶಾಖೆ ಕಂಡರೂ ನಿಲ್ಲಿಸಿ ಕೇಳಬೇಕು.

ಆದರೂ ಹೆಸರು ಹೊಂದಿತು ಎಂದಮಾತ್ರಕ್ಕೆ ನೆಮ್ಮದಿಯಿಲ್ಲ. ಲಿಥುವೇನಿಯಾದ ಎವಾಲ್ಡಾಸ್ ರಿಮಾಸಾಸ್ಕಸ್ ಎಂಬಾತ 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್‌ನಿಂದ 12 ಕೋಟಿ ಡಾಲರಿಗೂ ಹೆಚ್ಚು ಹಣ ಹೊಡೆದ. ಆ ಎರಡೂ ಕಂಪನಿಗಳಿಗೆ ತೈವಾನಿನ ಕ್ವಾಂಟಾ ಕಂಪ್ಯೂಟರ್ ನಿಜವಾಗಿಯೂ ಯಂತ್ರಗಳನ್ನು ಒದಗಿಸುತ್ತಿತ್ತು. ಈತ ಲಾಟ್ವಿಯಾದಲ್ಲಿ ಅದೇ ಹೆಸರಿನ ಕಂಪನಿಯೊಂದನ್ನು ನೋಂದಾಯಿಸಿ, ಆ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು, ನಕಲಿ ಬಿಲ್ ಕಳಿಸಿದ. ಖಾತೆಯ ಮೇಲಿನ ಹೆಸರನ್ನು ಯಾರು ಎಷ್ಟು ಸಲ ನೋಡಿದ್ದರೂ ಅದು ಸರಿಯಾಗಿಯೇ ಕಾಣುತ್ತಿತ್ತು. 2019ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ತಾವು ದಿನವೂ ಮಾತಾಡುವ ತೈವಾನಿನ ವ್ಯಕ್ತಿಗೆ ಯಾರಾದರೂ ಫೋನ್ ಮಾಡಿ ‘ಹೊಸ ಖಾತೆ ನಿಮ್ಮದೇ?’ ಎಂದು ಕೇಳಿದ್ದರೆ ಮೊದಲ ಬಿಲ್ಲಿನಲ್ಲೇ ಅದು ಬಯಲಾಗುತ್ತಿತ್ತು.

ವಂಚನೆ ಗೊತ್ತಾಗುವುದು ತಡವಾಗುವುದಕ್ಕೆ ವ್ಯಾಪಾರದ ಒಂದು ಸಾಮಾನ್ಯ ಪದ್ಧತಿ ಕಾರಣ. ಪೀಣ್ಯದವರು ಮೂವತ್ತೋ ನಲವತ್ತೈದೋ ದಿನದ ಉದ್ದರಿ ಕೊಟ್ಟಿರುತ್ತಾರೆ. ಗಡುವು ಮುಗಿದ ಮೇಲೂ ಒಂದು ವಾರ ಸಂಕೋಚದಿಂದ ಸುಮ್ಮನಿದ್ದು, ಆಮೇಲೆ ‘ಪೇಮೆಂಟ್ ಇನ್ನೂ ಬಂದಿಲ್ಲ ಮೇಡಂ’ ಎಂದು ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಆ ಹಣ ಕಳ್ಳರು ಬೇರೆಯವರಿಂದ ಬಾಡಿಗೆಗೆ ಪಡೆದ ಖಾತೆಗಳನ್ನು ದಾಟಿ ಚೂರುಚೂರಾಗಿ ಹೋಗಿರುತ್ತದೆ. ಎರಡು ಲಕ್ಷಕ್ಕೆ ಮೇಲ್ಪಟ್ಟ ಮೊತ್ತ ಸಾಮಾನ್ಯವಾಗಿ ಹೋಗುವುದು ಆರ್‌ಟಿಜಿಎಸ್‌ನಲ್ಲಿ. ಅದು 2020ರ ಡಿಸೆಂಬರಿನಿಂದ ಹಗಲು ರಾತ್ರಿ ನಡೆಯುತ್ತದೆ, ಜಮಾ ಆದ ಹಣವನ್ನು ಕಳಿಸಿದವರು ತಾವಾಗಿ ಹಿಂದಕ್ಕೆಳೆಯಲು ಆಗುವುದಿಲ್ಲ.

ಈ ತಡವನ್ನು ಮುರಿಯಲು ಖರ್ಚಿಲ್ಲದ ಉಪಾಯವಿದೆ. ಹಣ ಕಳಿಸಿದ ದಿನವೇ ಮೊತ್ತ, ಖಾತೆಯ ಕೊನೆಯ ನಾಲ್ಕು ಅಂಕಿ ಮತ್ತು ಆ ವರ್ಗಾವಣೆಗೆ ಬ್ಯಾಂಕ್ ಕೊಡುವ ಯುಟಿಆರ್ ಸಂಖ್ಯೆಯನ್ನು ನೋಂದಾಯಿತ ಮೊಬೈಲಿಗೆ ಎಸ್‌ಎಂಎಸ್ ಮಾಡುವುದು. ಇಮೇಲ್‌ನಲ್ಲಷ್ಟೇ ಕಳಿಸಿದರೆ ಕಳ್ಳ ಮೇಲ್‌ಬಾಕ್ಸಿನಲ್ಲಿ ಕೂತು ಅಳಿಸಬಲ್ಲ. ಎಸ್‌ಎಂಎಸ್ ನೋಡಿದ ವರ್ಕ್‌ಶಾಪಿನವರು ‘ಇದು ನಮ್ಮ ಖಾತೆಯಲ್ಲ’ ಎಂದು ಅದೇ ಸಂಜೆ ಹೇಳುತ್ತಾರೆ. ಆಗ ಪಂಪ್ ಕಂಪನಿಯವರು ತಮ್ಮ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ ಯುಟಿಆರ್, ಸಮಯ, ಹಣ ಹೋದ ಖಾತೆಯ ವಿವರ ಕೊಡಬೇಕು. ದೂರು cybercrime.gov.in ವ್ಯವಸ್ಥೆಯ ಮೂಲಕ ಹಣ ತಲುಪಿದ ಬ್ಯಾಂಕಿಗೆ ಹೋಗುತ್ತದೆ, ಖಾತೆಯಲ್ಲಿ ಇನ್ನೂ ಉಳಿದಿರುವಷ್ಟನ್ನು ಆ ಬ್ಯಾಂಕ್ ತಡೆಹಿಡಿಯುತ್ತದೆ. ಜೊತೆಗೆ ವರ್ಕ್‌ಶಾಪಿನವರು ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು, ಮೇಲ್‌ಬಾಕ್ಸಿನ ಫಾರ್ವರ್ಡಿಂಗ್ ನಿಯಮಗಳನ್ನು ತೆರೆದು ನೋಡಿ, ತಾವು ಹಾಕದ ನಿಯಮವನ್ನು ತೆಗೆಯಬೇಕು. ಅದು ಉಳಿದಿದ್ದರೆ ಪಾಸ್‌ವರ್ಡ್ ಬದಲಾದ ಮೇಲೂ ಮುಂದಿನ ಬಿಲ್ಲಿನ ಪ್ರತಿ ಕಳ್ಳನಿಗೆ ಹೋಗುತ್ತಲೇ ಇರುತ್ತದೆ.