ಕಂಪನಿ ಮುಳುಗಿತು, ಯಂತ್ರಗಳು ಎಲ್ಲಿಗೆ ಹೋದವು?

ಪೀಣ್ಯದಲ್ಲಿ ಉಕ್ಕಿನ ಸರಳು ಮಾರುವ ಹಿರಿಯರೊಬ್ಬರು ನ್ಯಾಯಾಲಯದ ಡಿಕ್ರಿಯ ಪ್ರತಿ ಹಿಡಿದು ನನ್ನ ಕಚೇರಿಗೆ ಬಂದಿದ್ದರು. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ 18 ಲಕ್ಷ ರೂಪಾಯಿ ಬರಬೇಕು. ಕಂಪನಿಯ ಖಾತೆಯಲ್ಲಿ ಉಳಿದಿದ್ದದ್ದು ಕೆಲವೇ ಸಾವಿರ. "ಕಂಪನಿ ಮುಳುಗಿದರೂ ಮಾಲೀಕ ತೇಲುತ್ತಿದ್ದಾನಲ್ಲ ಸಾರ್, ಜಯನಗರದಲ್ಲಿ ಅವನ ಮನೆ ಇದೆ, ಜಪ್ತಿ ಮಾಡಿಸಿ" ಎಂದರು.

ಆಗುವುದಿಲ್ಲ ಎಂದೆ. ಡಿಕ್ರಿ ಇರುವುದು ಕಂಪನಿಯ ಮೇಲೆ. ನಿರ್ದೇಶಕ ಬೇರೆ ವ್ಯಕ್ತಿ. ಇಂಗ್ಲೆಂಡಿನಲ್ಲಿ 1896ರಲ್ಲಿ ತೀರ್ಮಾನವಾದ ಸಾಲೊಮನ್ ಪ್ರಕರಣದಲ್ಲಿ 20,007 ಷೇರುಗಳ ಪೈಕಿ 20,001 ಒಬ್ಬನದೇ, ಉಳಿದ ಆರು ಅವನ ಹೆಂಡತಿ ಮಕ್ಕಳವು. ಹಾಗಿದ್ದರೂ ಕಂಪನಿಯ ಸಾಲ ಅವನ ಸಾಲವಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ವ್ಯಾಪಾರದಲ್ಲಿ ಸೋಲುವುದು ವಂಚನೆಯಲ್ಲ, ಬಂಡವಾಳ ಕಡಿಮೆಯಿರುವುದೂ ವಂಚನೆಯಲ್ಲ. ನಿರ್ದೇಶಕ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರೆ ಮಾತು ಬೇರೆ. ಸರಕು ಕೊಡುವಾಗ ನಮ್ಮವರು ಅದನ್ನು ಕೇಳಿರಲಿಲ್ಲ. ಸಂಕೋಚ!

ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು: ಅದೇ ಶೆಡ್ಡಿನಲ್ಲಿ ಈಗ ಬೇರೆ ಬೋರ್ಡು, ಯಂತ್ರಗಳು ಮಾತ್ರ ಅವೇ. ನಾನು ಅವರನ್ನು ಮತ್ತೆ ಕೂರಿಸಿದೆ.

ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ಎರಡೂ ಕಂಪನಿಗಳ ದಾಖಲೆ ತೆಗೆಸಿದೆವು. ಹೊಸ ಕಂಪನಿ ಹುಟ್ಟಿದ್ದು ನಮ್ಮ ಲೀಗಲ್ ನೋಟಿಸ್ ತಲುಪಿದ ಆರನೇ ವಾರ. ಷೇರುದಾರರು ಅದೇ ನಿರ್ದೇಶಕ ಮತ್ತು ಅವನ ಭಾವಮೈದುನ. ಯಂತ್ರಗಳ ಮಾರಾಟಕ್ಕೆ ಬಿಲ್ಲು ಇತ್ತು, ಆದರೆ ಹಳೆಯ ಕಂಪನಿಯ ಬ್ಯಾಂಕ್ ವಿವರದಲ್ಲಿ ಹಣ ಬಂದ ಗುರುತೇ ಇರಲಿಲ್ಲ. ನನ್ನ ಅನುಭವದಲ್ಲಿ ಕಂಪನಿ ಬೇರೆ, ಒಡೆಯ ಬೇರೆ ಎಂಬ ಮುಸುಕು ಸರಿಯುವುದು ಇಂಥ ಕಡೆಯೇ. ಒಡೆತನ ಯಾರದೆಂಬುದೊಂದೇ ಸಾಲದು. ತಲೆಯ ಮೇಲೆ ಬಂದ ಹೊಣೆಯಿಂದ ಜಾರಿಕೊಳ್ಳಲು ಕಂಪನಿಯನ್ನು ಬಳಸಿದ್ದು ತಾರೀಖು, ಹಣದ ಜಾಡುಗಳಿಂದ ಕಾಣಬೇಕು.

ಇದಕ್ಕೆ ಹತ್ತಿರದ್ದು 1962ರ ಜೋನ್ಸ್ ಮತ್ತು ಲಿಪ್‌ಮನ್ ಪ್ರಕರಣ. ಮನೆ ಮಾರುವ ಕರಾರಿಗೆ ಸಹಿ ಹಾಕಿದ ಲಿಪ್‌ಮನ್, ಮನಸ್ಸು ಬದಲಾದ ಮೇಲೆ ತನ್ನದೇ ಹಿಡಿತದ ಕಂಪನಿಗೆ ಮನೆಯನ್ನು ವರ್ಗಾಯಿಸಿದ. ಆ ಕಂಪನಿ ಬರಿಯ ಮುಖವಾಡ ಎಂದ ನ್ಯಾಯಾಲಯ, ಮನೆ ಬಿಟ್ಟುಕೊಡುವಂತೆ ಇಬ್ಬರಿಗೂ ಆದೇಶಿಸಿತು. ಗಮನಿಸಿ, ಕಿತ್ತುಕೊಂಡದ್ದು ಬಚ್ಚಿಟ್ಟದ್ದನ್ನು ಮಾತ್ರ.

ನಾವೂ ಅಷ್ಟನ್ನೇ ಕೇಳಿದೆವು. ಡಿಕ್ರಿ ಜಾರಿ ಮಾಡಿಸಲು ಹಾಕಿದ ಅಮಲ್ಜಾರಿ ಅರ್ಜಿಯಲ್ಲಿ ಯಂತ್ರಗಳ ಜಪ್ತಿಗೆ ಆದೇಶವಾದಾಗ ಹೊಸ ಕಂಪನಿ ತನ್ನ ಸ್ವತ್ತೆಂದು ತಕರಾರು ಹಾಕಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 58ನೇ ನಿಯಮದಡಿ ಆ ತಕರಾರನ್ನು ಅದೇ ನ್ಯಾಯಾಲಯ ವಿಚಾರಿಸುತ್ತದೆ. ಪಾಟೀಸವಾಲಿನಲ್ಲಿ ಭಾವಮೈದುನನಿಗೆ ಯಂತ್ರಗಳ ಬೆಲೆಯೇ ಗೊತ್ತಿರಲಿಲ್ಲ. ತಕರಾರು ವಜಾ ಆಯಿತು, ಹರಾಜಿನಲ್ಲಿ 11 ಲಕ್ಷ ಕೈಸೇರಿತು. ಉಳಿದ 7 ಲಕ್ಷ ಇಂದಿಗೂ ಬಾಕಿ. ಜಯನಗರದ ಮನೆಯಲ್ಲಿ ನಿರ್ದೇಶಕ ಈಗಲೂ ವಾಸವಾಗಿದ್ದಾನೆ.