ಪ್ರಿವ್ಯೂ ಚಿತ್ರ ಏನನ್ನು ತೋರಿಸಬಲ್ಲದು, ಏನನ್ನು ತೋರಿಸಲಾರದು

ಪ್ರಶ್ನೆ: ಒಂದೇ ಅಂಗಿ ನಾಲ್ಕು ಬಣ್ಣಗಳಲ್ಲಿ ಬಂದಾಗ ಪ್ರತಿ ಬಣ್ಣಕ್ಕೂ ಮಾಡೆಲ್ ಕರೆಸಿ ಫೋಟೋ ತೆಗೆಸುವುದು ಸಣ್ಣ ಅಂಗಡಿಗೆ ಕಷ್ಟ. ಎಐ ಸಾಧನದಿಂದ ಅಂಗಿ ತೊಡಿಸಿದ ಪ್ರಿವ್ಯೂ ಚಿತ್ರ ಮಾಡಿ ಹಾಕಿದರೆ ಗ್ರಾಹಕರಿಗೆ ಮೋಸ ಮಾಡಿದಂತಾಗುತ್ತದೆಯೇ?

ಸಣ್ಣ ಅಂಗಡಿಗಳವರಿಗಾಗಿ ನಾನು ನಡೆಸುವ ಕಾರ್ಯಾಗಾರಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು. ಚಿತ್ರವನ್ನು ಹೇಗೆ ಮಾಡಿದಿರಿ ಎಂಬುದಕ್ಕಿಂತ, ಅದನ್ನು ನೋಡಿದ ಗ್ರಾಹಕರು ಏನನ್ನು ನಂಬಿ ಹಣ ಕೊಡುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ. ಈ ಸಾಧನಕ್ಕೆ ಗೊತ್ತಿರುವುದು ನೀವು ಕೊಟ್ಟ ಫೋಟೋ ಮಾತ್ರ. ಬಟ್ಟೆಯ ತೂಕ, ದಪ್ಪ, ಅಳತೆ ಯಾವುದೂ ಅದಕ್ಕೆ ತಿಳಿಯದು. ಅದು ಅಂಗಿಯ ಚಿತ್ರವನ್ನು ದೇಹದ ಆಕಾರಕ್ಕೆ ಹೊಂದಿಸಿ ಹೊಸದಾಗಿ ಬರೆಯುವುದರಿಂದ ಚಿಕ್ಕ ಸೈಜಿನ ಅಂಗಿಯೂ ದೊಡ್ಡ ಮೈಗೆ ಹೇಳಿ ಹೊಲಿಸಿದಂತೆ ಕೂರುತ್ತದೆ. ಆದ್ದರಿಂದ ಬಣ್ಣ ಮತ್ತು ಒಟ್ಟು ನೋಟವನ್ನು ತೋರಿಸಲು ಪ್ರಿವ್ಯೂ ಬಳಸಬಹುದು. ಅಳತೆ ಸರಿಹೊಂದುತ್ತದೆ ಎಂಬುದಕ್ಕೆ ಅದನ್ನು ಸಾಕ್ಷಿಯಾಗಿ ಬಳಸಬಾರದು.

ಉದಾಹರಣೆಗೆ, ಸಣ್ಣ ಗೆರೆಗಳ, ಮುಂದೆ ಏಳು ಗುಂಡಿಗಳ, ಎದೆಯ ಮೇಲೆ ಒಂದು ಜೇಬಿನ, ನಾಲ್ಕು ಬಣ್ಣಗಳಲ್ಲಿ ಬಂದ ತುಂಬು ತೋಳಿನ ಅಂಗಿಯನ್ನು ತೆಗೆದುಕೊಳ್ಳೋಣ. ನಾಲ್ಕನ್ನೂ ಇಸ್ತ್ರಿ ಮಾಡಿ, ಕಿಟಕಿಯ ಬೆಳಕು ಸಮವಾಗಿ ಬೀಳುವ ಕಡೆ ಒಂದೊಂದಾಗಿ ಹಾಸಿ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಒಳಗಿನ ದೀಪಗಳನ್ನು ಆರಿಸಿರಿ, ಏಕೆಂದರೆ ದೀಪದ ಹಳದಿಯೂ ಹಗಲಿನ ನೀಲಿಯೂ ಬೆರೆತಾಗ ಬಣ್ಣ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಬೆಳಕಿಗೆ ತಕ್ಕಂತೆ ಕ್ಯಾಮೆರಾ ಬಣ್ಣವನ್ನು ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಮೊದಲ ಅಂಗಿಯ ಫೋಟೋಗೆ ಮುನ್ನ ಆ ಬೆಳಕಿಗೆ ಹೊಂದಿಸಿ, ನಾಲ್ಕೂ ಮುಗಿಯುವವರೆಗೆ ಅದನ್ನು ಮುಟ್ಟಬೇಡಿರಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಪ್ರತಿ ಬಣ್ಣಕ್ಕೂ ಬೇರೆ ಬೇರೆ ತಿದ್ದುಪಡಿ ಮಾಡಿಬಿಡಬಹುದು. ಪ್ರತಿ ಬಣ್ಣಕ್ಕೂ ಮುಂಭಾಗ, ಹಿಂಭಾಗ ಮತ್ತು ನೇಯ್ಗೆ ಕಾಣುವಷ್ಟು ಹತ್ತಿರದ ಒಂದು ಫೋಟೋ ಬೇಕು. ಇಷ್ಟಾದ ಮೇಲೆ ಒಂದೇ ಒಂದು ಬಣ್ಣವನ್ನು ನಿಜವಾದ ವ್ಯಕ್ತಿಗೆ ತೊಡಿಸಿ ತೆಗೆಯಿರಿ. ಬಟ್ಟೆ ಹೇಗೆ ಬೀಳುತ್ತದೆ, ಭುಜ ಎಲ್ಲಿ ಮುಗಿಯುತ್ತದೆ ಎಂಬುದನ್ನು ಈ ಫೋಟೋ ಹೇಳುತ್ತದೆ. ಉಳಿದ ಮೂರು ಬಣ್ಣಗಳಿಗೆ ಪ್ರಿವ್ಯೂ ಸಾಕು. ಫೋಟೋ ತೆಗೆಸುವಾಗ ಸಮಯ ತಿನ್ನುವುದು ಉಡುಪು ಬದಲಿಸಿ, ಮಡಿಕೆ ಸರಿಪಡಿಸಿ, ಮತ್ತೆ ನಿಲ್ಲಿಸುವ ಕೆಲಸ. ಇಲ್ಲಿ ಉಳಿಯುವುದು ಆ ಸಮಯವೇ.

ಪ್ರಿವ್ಯೂ ಬಂದ ಕೂಡಲೇ ಹಾಕಬೇಡಿರಿ. ಅಂಗಿಯನ್ನು ಮೇಜಿನ ಮೇಲಿಟ್ಟುಕೊಂಡು ಪರದೆಯೊಂದಿಗೆ ಹೋಲಿಸಿ ನೋಡಿರಿ. ಏಳು ಗುಂಡಿಗಳು ಆರಾಗಿರಬಹುದು. ಜೇಬಿನ ಗೆರೆಗಳು ನಿಜದಲ್ಲಿ ಅಡ್ಡವಾಗಿದ್ದರೂ ಚಿತ್ರದಲ್ಲಿ ಎದೆಯ ಗೆರೆಗಳೊಂದಿಗೆ ಉದ್ದಕ್ಕೆ ಸೇರಿಹೋಗಿರಬಹುದು. ತೋಳಿನ ಬಳಿ ಗೆರೆಗಳು ಕರಗಿ ಒಂದೇ ಬಣ್ಣವಾಗಿದ್ದರೆ, ಸಾಧನವು ಫೋಟೋವನ್ನು ಕುಗ್ಗಿಸಿದಾಗ ಸಣ್ಣ ವಿವರ ಅಳಿಸಿಹೋಗಿರುವ ಸಾಧ್ಯತೆ ಹೆಚ್ಚು; ಸುತ್ತಲಿನ ಖಾಲಿ ಜಾಗವನ್ನು ಕತ್ತರಿಸಿ, ಅಂಗಿಯೇ ಚೌಕಟ್ಟನ್ನು ತುಂಬುವಂತೆ ಮಾಡಿ ಮತ್ತೊಮ್ಮೆ ಪ್ರಯತ್ನಿಸಿರಿ. ಆಗಲೂ ಗುಂಡಿ, ಗೆರೆ ಸರಿಬರದಿದ್ದರೆ ಆ ಚಿತ್ರವನ್ನು ಕೈಬಿಟ್ಟು ಹಾಸಿದ ಅಂಗಿಯ ಫೋಟೋವನ್ನೇ ಹಾಕಿರಿ. ಹಿಂಭಾಗದ ಫೋಟೋ ಕೊಡದೆ ಹಿಂಭಾಗದ ಪ್ರಿವ್ಯೂ ಮಾಡಿಸಿದರೆ ಅಲ್ಲಿರುವ ಹೊಲಿಗೆ, ಮಡಿಕೆ ಎಲ್ಲವೂ ಸಾಧನದ ಊಹೆಯೇ. ಅದನ್ನು ಗ್ರಾಹಕರಿಗೆ ತೋರಿಸುವುದು ನನ್ನ ಪ್ರಕಾರ ಸುಳ್ಳು ಹೇಳಿದಂತೆಯೇ.

ಚಿತ್ರ ಹೇಳಲಾರದ ಅಳತೆಯನ್ನು ನೀವೇ ಬರೆಯಬೇಕು. ಅಂಗಿಯನ್ನು ಹಾಸಿ, ಗುಂಡಿ ಹಾಕಿ, ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿಯಿರಿ. 54 ಸೆಂ.ಮೀ. ಬಂದರೆ ಅಂಗಿಯ ಎದೆಸುತ್ತು 108 ಸೆಂ.ಮೀ.; 98 ಸೆಂ.ಮೀ. ಎದೆಸುತ್ತಿನವರಿಗೆ ಅದು 10 ಸೆಂ.ಮೀ. ಸಡಿಲವಾಗಿರುತ್ತದೆ. ಭುಜ, ತೋಳು ಮತ್ತು ಉದ್ದವನ್ನೂ ಪ್ರತಿ ಸೈಜಿಗೆ ಹೀಗೆಯೇ ಅಳೆದು ಬರೆಯಿರಿ. ನಿಜವಾಗಿ ತೊಟ್ಟವರ ಎತ್ತರ ಮತ್ತು ಅವರು ತೊಟ್ಟ ಸೈಜನ್ನೂ ತಿಳಿಸಿದರೆ ಗ್ರಾಹಕರು ತಮ್ಮ ಮೈಗೆ ಹೋಲಿಸಿಕೊಳ್ಳಬಹುದು.

ಪ್ರಿವ್ಯೂ ಎಂದು ತಿಳಿಸುವ ಮಾತು ಚಿತ್ರದ ಒಳಗೇ ಇರಲಿ. ಕೆಳಗೆ ಬರೆದ ವಿವರಣೆ, ಚಿತ್ರವನ್ನು ಯಾರಾದರೂ ಫಾರ್ವರ್ಡ್ ಮಾಡಿದಾಗ ಉಳಿಯುವುದಿಲ್ಲ. "ಎಐ ಪ್ರಿವ್ಯೂ: ಬಣ್ಣ ನೋಡಲು ಮಾತ್ರ, ಅಳತೆಗೆ ಪಟ್ಟಿ ನೋಡಿ" ಎಂದು ಮೂಲೆಯಲ್ಲಿ ಓದಲು ಬರುವಷ್ಟು ದೊಡ್ಡದಾಗಿ ಹಾಕಿದರೆ ಸಾಕು. ಚಿತ್ರಗಳ ಸಾಲಿನಲ್ಲಿ ಮೊದಲು ನಿಜವಾದ ಫೋಟೋ ಬರಲಿ. ಮಾಡೆಲ್ ಆಗಿ ನಿಂತವರ ಚಿತ್ರಕ್ಕೆ ಬೇರೆ ಬಣ್ಣಗಳನ್ನು ತೊಡಿಸುವ ಮುನ್ನ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಂದು ಅಂಗಿಗೆ ನಿಲ್ಲಲು ಒಪ್ಪಿದವರು ಎಲ್ಲ ಉಡುಪುಗಳಿಗೂ ಒಪ್ಪಿದಂತಾಗುವುದಿಲ್ಲ.

ಲೇಸ್, ತೆಳು ಪಾರದರ್ಶಕ ಬಟ್ಟೆ, ಸ್ಯಾಟಿನ್ ಮತ್ತು ಮಿನುಗು ಕೆಲಸದ ಉಡುಪುಗಳಿಗೆ ಈ ವಿಧಾನವನ್ನು ನಾನು ಸೂಚಿಸುವುದಿಲ್ಲ. ಮೈ ಎಷ್ಟು ಕಾಣುತ್ತದೆ, ಹೊಳಪು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿಯೇ ಗ್ರಾಹಕರು ಇವುಗಳನ್ನು ಕೊಳ್ಳುತ್ತಾರೆ, ಸಾಧನ ಊಹಿಸುವುದೂ ಅದನ್ನೇ. ಇವುಗಳ ಪ್ರತಿ ಬಣ್ಣವನ್ನೂ ತೊಡಿಸಿಯೇ ಫೋಟೋ ತೆಗೆಯಬೇಕು.